ಪವರ್ ಪ್ರೆಸ್ ಸೇಫ್ಟಿ ವಿಡಿಯೊ: ಉದ್ದದ ಸ್ಕ್ರಿಪ್ಟನ್ನು ಕಾರ್ಮಿಕರಿಗಾಗಿ ಚಿಕ್ಕ ಹಂತಗಳಾಗಿ ತಿದ್ದಿ ಬರೆಯುವ ಸಮಗ್ರ ಮಾರ್ಗದರ್ಶಿ

ಸೇಫ್ಟಿ ವಿಡಿಯೊದ ಸ್ಕ್ರಿಪ್ಟನ್ನು ಸರಳ ಮಾಡಿ ಅಂದರೆ ಹೆಚ್ಚಿನವರು ಒಂದೇ ಕೆಲಸ ಮಾಡುತ್ತಾರೆ. ಉದ್ದದ ಪ್ಯಾರಾವನ್ನು ನಾಲ್ಕು ತುಂಡು ಮಾಡಿ, ಮುಂದೆ ನಂಬರ್ ಹಾಕಿ, ಕೊನೆಯಲ್ಲಿ "ಎಚ್ಚರಿಕೆಯಿಂದ ಕೆಲಸ ಮಾಡಿ" ಅಂತ ಸೇರಿಸುತ್ತಾರೆ. ಸಾಲುಗಳು ಚಿಕ್ಕದಾಗುತ್ತವೆ, ಆದರೆ ಅದನ್ನು ನೋಡಿಕೊಂಡು ಮೆಷಿನ್ ಮುಂದೆ ಕೆಲಸ ಮಾಡಲು ಆಗುವುದಿಲ್ಲ. ಕ್ರಮ ತಪ್ಪಾಗಿರುತ್ತದೆ, ಎಚ್ಚರಿಕೆ ತಡವಾಗಿ ಬರುತ್ತದೆ.

ಇಲ್ಲಿ ಒಂದೇ ಕೆಲಸವನ್ನು ಹಿಡಿದು ಕೊನೆತನಕ ಹೋಗೋಣ. ಪೀಣ್ಯದಂಥ ಕಡೆ ಶೀಟ್ ಮೆಟಲ್ ಕೆಲಸದ ಸಣ್ಣ ಕಾರ್ಖಾನೆಗಳಲ್ಲಿ ಕಾಣುವ, ಕಾಲಿನ ಪೆಡಲ್ ಇರುವ ಮೆಕ್ಯಾನಿಕಲ್ ಪವರ್ ಪ್ರೆಸ್. ಅದರ ಡೈನಲ್ಲಿ, ಅಂದರೆ ಶೀಟನ್ನು ಒತ್ತಿ ಆಕಾರ ಕೊಡುವ ಅಚ್ಚಿನಲ್ಲಿ, ಪೀಸ್ ಸಿಕ್ಕಿಕೊಂಡಿದೆ. ಅದನ್ನು ತೆಗೆಯಬೇಕು. ಬೆರಳು ಹೋಗುವುದು ಇಂಥ ಹೊತ್ತಿನಲ್ಲೇ.

ನಾವು ತಿದ್ದಬೇಕಾದ ಹಳೆಯ ಸ್ಕ್ರಿಪ್ಟ್ ಸಾಮಾನ್ಯವಾಗಿ ಹೀಗಿರುತ್ತದೆ:

> "ಯಂತ್ರದಲ್ಲಿ ಬಿಡಿಭಾಗವು ಸಿಲುಕಿಕೊಂಡ ಸಂದರ್ಭದಲ್ಲಿ ಕಾರ್ಮಿಕರು ಆತುರಪಡದೆ, ಅಗತ್ಯ ರಕ್ಷಣಾ ಸಾಧನಗಳನ್ನು ಧರಿಸಿ, ವಿದ್ಯುತ್ ಸರಬರಾಜನ್ನು ಸ್ಥಗಿತಗೊಳಿಸಿದ ನಂತರ ಸದರಿ ಭಾಗವನ್ನು ಸುರಕ್ಷಿತವಾಗಿ ಹೊರತೆಗೆಯತಕ್ಕದ್ದು. ಫ್ಲೈವೀಲ್ ಸಂಪೂರ್ಣವಾಗಿ ನಿಲ್ಲುವವರೆಗೆ ಕಾಯುವುದು ಹಾಗೂ ಸುರಕ್ಷತಾ ಬ್ಲಾಕ್ ಅಳವಡಿಸುವುದು ಕಡ್ಡಾಯವಾಗಿರುತ್ತದೆ."

ಭಾಷೆ ಕಷ್ಟ ಅನ್ನುವುದು ಇದರ ಚಿಕ್ಕ ತೊಂದರೆ. ದೊಡ್ಡ ತೊಂದರೆ ಬೇರೆ. ಕೇಳಿದ ಕ್ರಮದಲ್ಲೇ ಒಬ್ಬ ಕೆಲಸ ಮಾಡಿದರೆ ಮೊದಲು ಕರೆಂಟ್ ಆಫ್ ಮಾಡುತ್ತಾನೆ, ಆಮೇಲೆ ಕೈ ಹಾಕಿ ಪೀಸ್ ತೆಗೆಯುತ್ತಾನೆ, ಅದಾದ ಮೇಲೆ ಫ್ಲೈವೀಲ್, ಅಂದರೆ ಪ್ರೆಸ್‌ಗೆ ಬಲ ಕೊಡುವ ಭಾರದ ಚಕ್ರ, ನಿಲ್ಲಲಿ ಅಂತ ಕಾಯುತ್ತಾನೆ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ, ಆದರೂ ಈ ಸ್ಕ್ರಿಪ್ಟ್ ಅವನ ಕೈಯನ್ನು ಡೈ ಒಳಗೆ ಕಳಿಸುತ್ತದೆ.

## ಶುರು ಮಾಡುವ ಮುಂಚೆ

ಬೇಕಾದದ್ದು ಜಾಸ್ತಿ ಏನಿಲ್ಲ. ಹಳೆಯ ಸ್ಕ್ರಿಪ್ಟ್, ಆ ಪ್ರೆಸ್‌ನ ಮ್ಯಾನ್ಯುಯಲ್, ವಿಡಿಯೊ ತೆಗೆಯಲು ಒಂದು ಫೋನ್, ಸ್ಟಾಪ್‌ವಾಚ್, ನೋಟ್‌ಬುಕ್. ಜೊತೆಗೆ ಮೂರು ಜನ ಬೇಕು: ಆ ಮೆಷಿನ್ ಓಡಿಸುವ ಆಪರೇಟರ್, ಮೇಂಟೆನೆನ್ಸ್‌ನವರು, ಮತ್ತು ಆ ಮೆಷಿನ್ ಮುಟ್ಟಿರದ ಒಬ್ಬ ಹೊಸಬ. ಹೊಸಬ ಬೇಕಾಗುವುದು ಹಂತ 8ರಲ್ಲಿ.

ಎರಡು ಪ್ರಶ್ನೆಗೆ ಮೊದಲೇ ಉತ್ತರ ಪಡೆಯಿರಿ. ಒಂದು, ಸಿಕ್ಕಿಕೊಂಡ ಪೀಸ್ ತೆಗೆಯಲು ನಿಮ್ಮ ಕಾರ್ಖಾನೆಯಲ್ಲಿ ಆಪರೇಟರ್‌ಗೆ ಅನುಮತಿ ಇದೆಯಾ? ಇಲ್ಲ ಅಂದರೆ ಸ್ಕ್ರಿಪ್ಟ್ "ಮೆಷಿನ್ ನಿಲ್ಲಿಸಿ, ದೂರ ಸರಿಯಿರಿ, ಸೂಪರ್‌ವೈಸರ್ ಕರೆಯಿರಿ" ಅನ್ನುವಲ್ಲಿಗೇ ಮುಗಿಯಬೇಕು. ಉಳಿದದ್ದನ್ನು ಡೈ ಸೆಟ್ಟರ್‌ಗೆ ಬೇರೆ ವಿಡಿಯೊದಲ್ಲಿ ಹೇಳಿ. ಎರಡು, ಮೇನ್ ಸ್ವಿಚ್‌ಗೆ ಬೀಗ ಹಾಕುವ ಜಾಗ ಇದೆಯಾ? ಎಷ್ಟೋ ಕಡೆ ಪ್ಯಾನೆಲ್‌ನಲ್ಲಿ ಬರೀ ಎಂಸಿಬಿ ಇರುತ್ತದೆ. ಅದಕ್ಕೆ ಬೀಗ ಹಾಕಲು ಬೇರೆ ಕ್ಲಿಪ್ ಬೇಕು. ಅದು ಇಲ್ಲದೆ "ಬೀಗ ಹಾಕಿ" ಅಂತ ಬರೆದರೆ ಕಾರ್ಮಿಕ ಆ ಸಾಲನ್ನು ಬಿಡುತ್ತಾನೆ. ಒಂದು ಸಾಲು ಬಿಟ್ಟವನು ಇನ್ನೊಂದನ್ನೂ ಬಿಡುತ್ತಾನೆ. ಮೊದಲು ಕ್ಲಿಪ್ ತರಿಸಿ, ಆಮೇಲೆ ಬರೆಯಿರಿ.

## ಹಂತ 1: ಮೆಷಿನ್ ಹತ್ತಿರ ನಿಂತು ಕೈಕಾಲಿನ ಚಲನೆ ಬರೆದುಕೊಳ್ಳಿ

ಆಫೀಸ್‌ನಲ್ಲಿ ಕೂತು ಹಳೆಯ ಸ್ಕ್ರಿಪ್ಟ್ ತಿದ್ದಬೇಡಿ. ಆಪರೇಟರ್‌ಗೆ "ಪೀಸ್ ಸಿಕ್ಕಿದರೆ ಏನು ಮಾಡ್ತೀರಿ, ತೋರಿಸಿ" ಅಂತ ಕೇಳಿ. ಇದು ಬರೀ ಅಭಿನಯ. ಮೇಂಟೆನೆನ್ಸ್‌ನವರು ಮೆಷಿನ್ ನಿಲ್ಲಿಸಿ ಬೀಗ ಹಾಕಿದ ಮೇಲೆಯೇ ತೋರಿಸಲು ಹೇಳಿ.

ಅವರ ಕೈ, ಕಾಲು, ಕಣ್ಣು ಎಲ್ಲೆಲ್ಲಿ ಹೋಗುತ್ತದೆ ಅಂತ ಒಂದೊಂದೇ ಬರೆದುಕೊಳ್ಳಿ. "ಪೆಡಲ್‌ನಿಂದ ಕಾಲು ತೆಗೆದರು. ಬಲಗೈಯಲ್ಲಿ ಕೆಂಪು ಬಟನ್ ಒತ್ತಿದರು. ಎಡಕ್ಕೆ ನಾಲ್ಕು ಹೆಜ್ಜೆ, ಪ್ಯಾನೆಲ್." ಹೀಗೆ ಬರೆಯುವಾಗ ಹಳೆಯ ಸ್ಕ್ರಿಪ್ಟ್‌ನಲ್ಲಿ ಇಲ್ಲದ ವಿಷಯಗಳು ಹೊರಗೆ ಬರುತ್ತವೆ. ಪೆಡಲ್ ಮೇಲಿನ ಕಾಲನ್ನೇ ನೋಡಿ. ಬರೆಯುವವರಿಗೆ ಅದು ನೆನಪಿಗೇ ಬರುವುದಿಲ್ಲ, ಆದರೆ ಪೀಸ್ ಕಡೆ ಬಗ್ಗಿದಾಗ ಕಾಲು ಪೆಡಲ್ ಒತ್ತಿದರೆ ಮೇಲಿನ ಡೈ ಹಿಡಿದಿರುವ ರ‍್ಯಾಮ್ ಕೆಳಗೆ ಬರುತ್ತದೆ. ಹಳೆಯ ಪಿನ್ ಕ್ಲಚ್ ಪ್ರೆಸ್‌ಗಳಲ್ಲಿ ರ‍್ಯಾಮನ್ನು ಫ್ಲೈವೀಲ್‌ಗೆ ಜೋಡಿಸುವ ಕ್ಲಚ್ ಒಮ್ಮೆ ಹಿಡಿದರೆ ಒಂದು ಸುತ್ತು ಮುಗಿಯುವ ತನಕ ಬಿಡುವುದಿಲ್ಲ. ನಡುವೆ ಕಾಲು ತೆಗೆದರೂ ಪ್ರಯೋಜನ ಇಲ್ಲ.

ಅವರು ಬಳಸುವ ಹೆಸರುಗಳನ್ನೂ ಬರೆದುಕೊಳ್ಳಿ. ಅವರು "ಮೇನ್" ಅಂದರೆ ಸ್ಕ್ರಿಪ್ಟ್‌ನಲ್ಲೂ "ಮೇನ್ ಸ್ವಿಚ್" ಇರಲಿ, "ವಿದ್ಯುತ್ ಸರಬರಾಜು" ಬೇಡ. ಒಂದು ವಸ್ತುವಿಗೆ ಇಡೀ ವಿಡಿಯೊದಲ್ಲಿ ಒಂದೇ ಹೆಸರು. ಒಮ್ಮೆ ಪೀಸ್, ಇನ್ನೊಮ್ಮೆ ಬಿಡಿಭಾಗ ಅಂದರೆ ಎರಡು ವಸ್ತು ಇವೆ ಅಂದುಕೊಳ್ಳುತ್ತಾರೆ. ಬೀಗದ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಉತ್ತರ ಕರ್ನಾಟಕದಿಂದ ಬಂದವರಿಗೆ "ಕೀಲಿ" ಅಂದರೆ ಬೀಗ, ಈ ಕಡೆಯ ಎಷ್ಟೋ ಜನರಿಗೆ ಅದು ಬೀಗದ ಕೈ. ಆ ಪದವನ್ನೇ ಬಿಟ್ಟು "ಬೀಗ" ಮತ್ತು "ಕೀ" ಅಂತ ಬರೆಯಿರಿ.

## ಹಂತ 2: ಯಾವ ಅಪಾಯ ಎಲ್ಲಿ ಮುಗಿಯುತ್ತದೆ ಅಂತ ನೋಡಿ ಕ್ರಮ ಕಟ್ಟಿ

ಈ ಕೆಲಸದಲ್ಲಿ ಕೈಗೆ ಅಪಾಯ ಮೂರು ಕಡೆಯಿಂದ ಬರುತ್ತದೆ.

ಮೊದಲನೆಯದು ಕರೆಂಟ್. ಯಾರಾದರೂ ಗೊತ್ತಿಲ್ಲದೆ ಮೆಷಿನ್ ಚಾಲೂ ಮಾಡಬಹುದು. ಇದನ್ನು ತಡೆಯುವುದು ಬೀಗ. ಎರಡನೆಯದು ಫ್ಲೈವೀಲ್. ಮೋಟರ್ ನಿಂತರೂ ಅದು ತಿರುಗುತ್ತಲೇ ಇರುತ್ತದೆ, ಫ್ಯಾನ್ ಆಫ್ ಮಾಡಿದ ಮೇಲೂ ರೆಕ್ಕೆ ತಿರುಗುವ ಹಾಗೆ. ಆ ಹೊತ್ತಿನಲ್ಲಿ ಕ್ಲಚ್ ಹಿಡಿದರೆ, ಕರೆಂಟ್ ಇಲ್ಲದಿದ್ದರೂ ರ‍್ಯಾಮ್ ಪೂರ್ತಿ ಬಲದಿಂದ ಬೀಳಬಹುದು. ಇದಕ್ಕೆ ಇರುವ ಉಪಾಯ ಕಾಯುವುದು ಒಂದೇ. ಮೂರನೆಯದು ರ‍್ಯಾಮ್ ಮತ್ತು ಮೇಲಿನ ಡೈನ ತೂಕ. ಬ್ರೇಕ್ ಸಡಿಲ ಇದ್ದರೆ ಎಲ್ಲ ನಿಂತ ಮೇಲೂ ಅದು ಕೆಳಗೆ ಜಾರಬಹುದು. ಇದನ್ನು ತಡೆಯುವುದು ಡೈ ನಡುವೆ ಆಸರೆಯಾಗಿ ಇಡುವ ಸೇಫ್ಟಿ ಬ್ಲಾಕ್.

ಇದನ್ನು ಹೀಗೆ ಬಿಡಿಸಿ ನೋಡಿದ ಕೂಡಲೇ ಕ್ರಮ ತಾನಾಗಿ ಸಿಗುತ್ತದೆ: ಕರೆಂಟ್, ಬೀಗ, ಕಾಯುವುದು, ಚಾಲೂ ಆಗುತ್ತಾ ಅಂತ ಪರೀಕ್ಷೆ, ಬ್ಲಾಕ್, ಕೊನೆಗೆ ಪೀಸ್. ಬ್ಲಾಕನ್ನು ಮೊದಲೇ ಇಟ್ಟರೆ ಒಳ್ಳೆಯದಲ್ವಾ ಅಂತ ಕೇಳುವವರಿದ್ದಾರೆ. ಬೇಡ. ಬ್ಲಾಕ್ ಇರುವುದು ನಿಂತ ತೂಕವನ್ನು ಹೊರಲು. ಪ್ರೆಸ್ ಹೊಡೆಯುವ ಬಲವನ್ನು ಅದು ತಡೆಯಲಾರದು. ಫ್ಲೈವೀಲ್ ತಿರುಗುತ್ತಿರುವಾಗ ರ‍್ಯಾಮ್ ಬಂದರೆ ಬ್ಲಾಕ್ ಒಡೆದು ಸಿಡಿಯಬಹುದು. ಅದನ್ನು ಇಡಲು ಹೋದ ಕೈ ಅಲ್ಲೇ ಇರುತ್ತದೆ.

ನಿಮ್ಮ ಪ್ರೆಸ್‌ನಲ್ಲಿ ಏರ್ ಕ್ಲಚ್ ಇದ್ದರೆ ಗಾಳಿ ಲೈನ್ ಮುಚ್ಚಿ ಒಳಗಿನ ಗಾಳಿ ಬಿಡುವ ಹಂತವೂ ಸೇರಬೇಕು. ಅದು ಯಾವಾಗ, ಯಾವ ವಾಲ್ವ್ ಅನ್ನುವುದನ್ನು ಮ್ಯಾನ್ಯುಯಲ್ ಮತ್ತು ಮೇಂಟೆನೆನ್ಸ್‌ನವರಿಂದ ತಿಳಿದುಕೊಳ್ಳಿ, ಊಹೆ ಮಾಡಬೇಡಿ.

ರ‍್ಯಾಮ್ ನಡುವೆ ಅಥವಾ ಕೆಳಗೆ ಕಚ್ಚಿಕೊಂಡು ನಿಂತಿದ್ದರೆ ಅದು ಬೇರೆಯೇ ಕೆಲಸ. ಅದನ್ನು ಈ ವಿಡಿಯೊದಲ್ಲಿ ಸೇರಿಸಬಾರದು. ಆದರೆ ಅದನ್ನು ಗುರುತಿಸಿ ಅಲ್ಲಿಗೇ ನಿಲ್ಲಿಸುವ ಒಂದು ಸಾಲು ಇರಲೇಬೇಕು.

## ಹಂತ 3: ಒಂದು ಸಾಲಿಗೆ ಒಂದೇ ಕೆಲಸ, ನೇರ ಮಾತು

ಪ್ರತಿ ಸಾಲು ಒಂದು ಚಲನೆಯನ್ನು ಮಾತ್ರ ಹೇಳಬೇಕು. ಕೊನೆಗೆ ಒತ್ತಿ, ಹಾಕಿ, ನಿಲ್ಲಿ, ತೆಗೆಯಿರಿ ಅಂತ ನೇರವಾಗಿ ಮುಗಿಯಬೇಕು. "ಒತ್ತತಕ್ಕದ್ದು", "ಒತ್ತಲಾಗುತ್ತದೆ", "ಒತ್ತುವುದು ಸೂಕ್ತ" ಎಲ್ಲ ಹೋಗಲಿ. ಯಾರು ಒತ್ತಬೇಕು ಅನ್ನುವುದು ಅವುಗಳಲ್ಲಿ ಮಾಯವಾಗುತ್ತದೆ. "ಒತ್ತು", "ಹಾಕು" ಅಂತ ಏಕವಚನವೂ ಬೇಡ. ಮಾತು ಗದರಿದ ಹಾಗಾಗುತ್ತದೆ, ವಯಸ್ಸಾದ ಆಪರೇಟರ್‌ಗೆ ಬೇಜಾರಾಗುತ್ತದೆ.

ಹೆಚ್ಚಿನವರು ಎಡವುವುದು ಇಂಥ ಸಾಲಿನಲ್ಲಿ: "ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕಿ ಕೀ ಜೇಬಿಗೆ ಹಾಕಿಕೊಂಡು ಟ್ಯಾಗ್ ನೇತುಹಾಕಿ." ನಾವು ದಿನಾ ಮಾತಾಡುವುದೇ ಹೀಗೆ, ಅದಕ್ಕೇ ಇದು ಸರಳವಾಗಿ ಕಾಣುತ್ತದೆ. ಆದರೆ ಇದರಲ್ಲಿ ನಾಲ್ಕು ಕೆಲಸ ಇವೆ. ಕೇಳಿದವನಿಗೆ ಮೊದಲನೆಯದು, ಕೊನೆಯದು ನೆನಪಿರುತ್ತವೆ. ನಡುವೆ ಇರುವ ಬೀಗ ಮತ್ತು ಕೀ ಜಾರಿಹೋಗುತ್ತವೆ. ಎಲ್ಲಿ "ಮಾಡಿ", "ಹಾಕಿ" ಬಂತೋ ಅಲ್ಲೊಂದು ಪೂರ್ಣವಿರಾಮ ಹಾಕಿ. ಎಲ್ಲಿ "ಕೊಂಡು", "ನಂತರ", "ಹಾಗೂ" ಬಂತೋ ಅಲ್ಲಿ ಸಾಲು ಕತ್ತರಿಸಿ.

"ಸುರಕ್ಷಿತವಾಗಿ", "ಸೂಕ್ತ ರೀತಿಯಲ್ಲಿ", "ಆತುರಪಡದೆ" ಅನ್ನುವ ಪದಗಳು ಸಿಕ್ಕರೆ ನಿಲ್ಲಿ. ಅಲ್ಲಿ ಬರೆದವರಿಗೂ ಏನು ಮಾಡಬೇಕು ಅಂತ ಗೊತ್ತಿರಲಿಲ್ಲ ಅನ್ನುವುದರ ಗುರುತು ಅದು. "ಸುರಕ್ಷಿತವಾಗಿ ಹೊರತೆಗೆಯಿರಿ" ಅಂದರೆ ನಿಜವಾಗಿ ಏನು? "ಇಕ್ಕಳದಿಂದ ಪೀಸ್ ತೆಗೆಯಿರಿ." ಅಷ್ಟೇ.

## ಹಂತ 4: ಕೆಲಸ ಆಯ್ತು ಅನ್ನುವ ಗುರುತು ಕೊಡಿ

"ಫ್ಲೈವೀಲ್ ನಿಲ್ಲುವ ತನಕ ಕಾಯಿರಿ" ಅಂದರೆ ಸಾಲದು. ನಿಂತಿದೆ ಅಂತ ಹೇಗೆ ಗೊತ್ತಾಗಬೇಕು? ನಿಧಾನಕ್ಕೆ ತಿರುಗುವ ನುಣುಪಾದ ಚಕ್ರ ದೂರದಿಂದ ನಿಂತ ಹಾಗೇ ಕಾಣುತ್ತದೆ. ಶಬ್ದ ಕೇಳಿ ತಿಳಿಯೋಣ ಅಂದರೆ ಪಕ್ಕದ ಪ್ರೆಸ್‌ಗಳು ಬಡಿಯುತ್ತಿರುತ್ತವೆ.

ಮೇಂಟೆನೆನ್ಸ್‌ನವರಿಗೆ ಹೇಳಿ ಚಕ್ರದ ಮೇಲೆ ಒಂದು ದಪ್ಪ ಬಿಳಿ ಗೆರೆ ಎಳೆಸಿ. ಗಾರ್ಡ್‌ನ ಜಾಲರಿಯ ಆಚೆಯಿಂದಲೂ ಅದು ಕಾಣಬೇಕು. ಈಗ ಗುರುತು ಬರೆಯಬಹುದು: "ಬಿಳಿ ಗೆರೆ ಒಂದೇ ಕಡೆ ನಿಲ್ಲಬೇಕು." ಸ್ಟಾಪ್‌ವಾಚ್ ಹಿಡಿದು ನಿಮ್ಮ ಪ್ರೆಸ್‌ನಲ್ಲಿ ಎಷ್ಟು ಹೊತ್ತು ಆಗುತ್ತದೆ ಅಂತ ನೋಡಿಕೊಳ್ಳಿ, ಆದರೆ ಆ ಸಂಖ್ಯೆಯನ್ನು ಸ್ಕ್ರಿಪ್ಟ್‌ನಲ್ಲಿ ಹಾಕಬೇಡಿ. ಹಾಕಿದರೆ ಜನ ಚಕ್ರ ನೋಡುವುದು ಬಿಟ್ಟು ಗಡಿಯಾರ ನೋಡುತ್ತಾರೆ. ಆ ಸಮಯ ಬೇಕಾಗುವುದು ವಿಡಿಯೊ ತೆಗೆಯುವವರಿಗೆ. ಕಾಯುವ ದೃಶ್ಯವನ್ನು ಕತ್ತರಿಸದೆ ಪೂರ್ತಿ ತೋರಿಸಲು ಹೇಳಿ. ಎಡಿಟಿಂಗ್‌ನಲ್ಲಿ ಅದನ್ನು ಎರಡು ಸೆಕೆಂಡಿಗೆ ಇಳಿಸಿದರೆ, ಫ್ಲೈವೀಲ್ ಎರಡು ಸೆಕೆಂಡಿನಲ್ಲಿ ನಿಲ್ಲುತ್ತದೆ ಅಂತ ನಾವೇ ಕಲಿಸಿದ ಹಾಗೆ.

ಎಲ್ಲ ಸಾಲಿಗೂ ಗುರುತು ಬೇಕಿಲ್ಲ. ತಪ್ಪಿದರೆ ಕೈಗೆ ಪೆಟ್ಟಾಗುವ ಸಾಲುಗಳಿಗೆ ಮಾತ್ರ ಸಾಕು.

## ಹಂತ 5: ಎಚ್ಚರಿಕೆ ಒಂದೇ ಇರಲಿ, ಮತ್ತೆ ಮತ್ತೆ ಬರಲಿ

ಹಳೆಯ ಸ್ಕ್ರಿಪ್ಟ್‌ಗಳಲ್ಲಿ ಹತ್ತಾರು ಎಚ್ಚರಿಕೆಗಳಿರುತ್ತವೆ: ಶೂ ಹಾಕಿ, ಫೋನ್ ಬಳಸಬೇಡಿ, ನೆಲದ ಎಣ್ಣೆ ಒರೆಸಿ, ಕೈ ಹಾಕಬೇಡಿ. ಎಲ್ಲಕ್ಕೂ ಒಂದೇ ಕೆಂಪು ಬಣ್ಣ. ಹೀಗಾದಾಗ ಕೈ ಹೋಗುವ ಮಾತೂ ನೆಲ ಒರೆಸುವ ಮಾತಿನಷ್ಟೇ ತೂಕದ್ದಾಗುತ್ತದೆ. ಈ ವಿಡಿಯೊದ ಎಚ್ಚರಿಕೆ ಕೈ ಒಂದರ ಬಗ್ಗೆ ಮಾತ್ರ. ಉಳಿದವು ಅವುಗಳದ್ದೇ ವಿಡಿಯೊಗೆ ಹೋಗಲಿ.

ಮಾತು ಆರಿಸುವಾಗ ಶಾಪ್ ಫ್ಲೋರ್ ಗದ್ದಲವನ್ನು ಮನಸ್ಸಲ್ಲಿ ಇಟ್ಟುಕೊಳ್ಳಿ. "ಡೈ ಒಳಗೆ ಕೈ ಹಾಕಬೇಡಿ" ಅನ್ನುವುದರಲ್ಲಿ "ಬೇಡಿ" ಬರುವುದು ಕೊನೆಗೆ. ಆ ಹೊತ್ತಿಗೆ ಪಕ್ಕದ ಪ್ರೆಸ್ ಬಡಿದರೆ ಕಿವಿಗೆ ಬೀಳುವುದು "ಡೈ ಒಳಗೆ ಕೈ ಹಾಕ...". ಇದಕ್ಕಿಂತ ಕೆಟ್ಟ ತಪ್ಪು ಇನ್ನೊಂದಿಲ್ಲ. ಅದಕ್ಕೇ ಬೇಕಾದ ಮಾತು ಮೊದಲೇ ಬರಲಿ: "ಕೈ ದೂರ!" ಅರ್ಧ ಕೇಳಿದರೂ ಇದು ತಿರುಗಿ ಅರ್ಥ ಕೊಡುವುದಿಲ್ಲ. ಅದರ ಹಿಂದೆ ಕಾರಣ, ಚಿಕ್ಕದಾಗಿ: "ಫ್ಲೈವೀಲ್ ತಿರುಗುತ್ತಿದೆ."

ಜಾಗ ಇನ್ನೂ ಮುಖ್ಯ. ಎಚ್ಚರಿಕೆ ಯಾವಾಗಲೂ ಕೈ ಒಳಗೆ ಹೋಗುವ ಆಸೆ ಹುಟ್ಟುವ ಕ್ಷಣದ ಮುಂಚೆ ಬರಬೇಕು. ಈ ಕೆಲಸದಲ್ಲಿ ಅಂಥ ಕ್ಷಣಗಳು ನಾಲ್ಕು. ಕೆಂಪು ಬಟನ್ ಒತ್ತಿ ಮೋಟರ್ ಶಬ್ದ ನಿಂತಾಗ. ಬೀಗ ಹಾಕಿ "ಇನ್ನೇನು ಭಯ ಇಲ್ಲ" ಅನ್ನಿಸಿದಾಗ. ಗಾರ್ಡ್ ತೆಗೆದು ಪೀಸ್ ಕಣ್ಣಿಗೆ ಬಿದ್ದಾಗ. ಕೊನೆಗೆ, ಬ್ಲಾಕ್ ತೆಗೆದ ಮೇಲೆ ಚೂರು ಸ್ಕ್ರ್ಯಾಪ್ ಉಳಿದಿರುವುದು ಕಂಡಾಗ. ಈ ನಾಲ್ಕು ಕಡೆಯೂ "ಕೈ ದೂರ!" ಬರಲಿ. ಅದೇ ಧ್ವನಿ, ಅದೇ ಬಣ್ಣ, ಅದೇ ಸದ್ದು. ಆ ಸದ್ದನ್ನು ವಿಡಿಯೊದಲ್ಲಿ ಬೇರೆ ಎಲ್ಲೂ ಬಳಸಬೇಡಿ. ಬೇಜಾರಾಗುತ್ತೆ ಅಂತ ಒಂದು ಕಡೆ "ಜೋಪಾನ", ಇನ್ನೊಂದು ಕಡೆ "ಹುಷಾರು" ಅಂತ ಬದಲಿಸಬೇಡಿ. ಮಾತು ಬದಲಾಗದೆ ಇದ್ದರೇ ಅದು ಬಾಯಿಗೆ ಬರುತ್ತದೆ.

## ಹಂತ 6: ತಿದ್ದಿ ಬರೆದ ಸ್ಕ್ರಿಪ್ಟ್

ಮೇಲಿನ ಎಲ್ಲವನ್ನೂ ಸೇರಿಸಿದರೆ ನಮ್ಮ ಪೆಡಲ್ ಪ್ರೆಸ್‌ನ ಸ್ಕ್ರಿಪ್ಟ್ ಹೀಗಾಗುತ್ತದೆ. ನಂಬರ್ ಇಲ್ಲದ ಸಾಲು ಎಚ್ಚರಿಕೆ.

1. ಪೆಡಲ್‌ನಿಂದ ಕಾಲು ತೆಗೆಯಿರಿ.
2. ಕೆಂಪು ಬಟನ್ ಒತ್ತಿ.

ಕೈ ದೂರ! ಫ್ಲೈವೀಲ್ ತಿರುಗುತ್ತಿದೆ.

3. ಮೇನ್ ಸ್ವಿಚ್ ಆಫ್ ಮಾಡಿ.
4. ನಿಮ್ಮ ಬೀಗ ಹಾಕಿ.
5. ಬೀಗ ಎಳೆದು ನೋಡಿ. ಗುರುತು: ಬಿಚ್ಚಬಾರದು.
6. ಕೀ ನಿಮ್ಮ ಜೇಬಿಗೆ ಹಾಕಿ.
7. ನಿಮ್ಮ ಹೆಸರಿನ ಟ್ಯಾಗ್ ನೇತುಹಾಕಿ.

ಕೈ ದೂರ! ಫ್ಲೈವೀಲ್ ತಿರುಗುತ್ತಿದೆ.

8. ಫ್ಲೈವೀಲ್ ನೋಡುತ್ತಾ ನಿಲ್ಲಿ. ಗುರುತು: ಬಿಳಿ ಗೆರೆ ಒಂದೇ ಕಡೆ ನಿಲ್ಲಬೇಕು.
9. ಹಸಿರು ಬಟನ್ ಒತ್ತಿ. ಗುರುತು: ಮೆಷಿನ್ ಚಾಲೂ ಆಗಬಾರದು. ಚಾಲೂ ಆದರೆ ಕೆಂಪು ಬಟನ್ ಒತ್ತಿ. ದೂರ ಸರಿಯಿರಿ. ಸೂಪರ್‌ವೈಸರ್ ಕರೆಯಿರಿ.
10. ರ‍್ಯಾಮ್ ನೋಡಿ. ಗುರುತು: ಪೂರ್ತಿ ಮೇಲೆ ಇರಬೇಕು. ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ. ಸೂಪರ್‌ವೈಸರ್ ಕರೆಯಿರಿ.
11. ಗಾರ್ಡ್ ತೆಗೆಯಿರಿ.

ಕೈ ದೂರ! ಬ್ಲಾಕ್ ಇನ್ನೂ ಇಟ್ಟಿಲ್ಲ.

12. ಬ್ಲಾಕ್‌ನ ಹಿಡಿ ಹಿಡಿಯಿರಿ.
13. ಬ್ಲಾಕನ್ನು ಡೈ ನಡುವೆ ಇಡಿ. ಬೆರಳು ಹೊರಗೇ ಇರಲಿ.
14. ಇಕ್ಕಳದಿಂದ ಪೀಸ್ ತೆಗೆಯಿರಿ.
15. ಇಕ್ಕಳ ಹೊರಗೆ ಇಡಿ.
16. ಹಿಡಿ ಹಿಡಿದು ಬ್ಲಾಕ್ ತೆಗೆಯಿರಿ.

ಕೈ ದೂರ! ಬ್ಲಾಕ್ ತೆಗೆದಾಗಿದೆ.

17. ಗಾರ್ಡ್ ಹಾಕಿ.
18. ಸುತ್ತ ನೋಡಿ. ಗುರುತು: ಪ್ರೆಸ್ ಹತ್ತಿರ ಯಾರೂ ಇರಬಾರದು.
19. ಟ್ಯಾಗ್ ತೆಗೆಯಿರಿ.
20. ನಿಮ್ಮ ಬೀಗ ನೀವೇ ತೆಗೆಯಿರಿ.
21. ಮೇನ್ ಸ್ವಿಚ್ ಆನ್ ಮಾಡಿ.

ಪೀಸ್ ತೆಗೆದ ಮೇಲೆ ಮೆಷಿನನ್ನು ಮತ್ತೆ ಚಾಲೂ ಮಾಡುವ ಮಾತೇ ಹಳೆಯ ಸ್ಕ್ರಿಪ್ಟ್‌ನಲ್ಲಿ ಇರಲಿಲ್ಲ, ನೋಡಿ. 15ರಿಂದ 21ರ ತನಕದ ಭಾಗ ಅದರಲ್ಲಿ ಇರಲೇ ಇಲ್ಲ. ಡೈ ಒಳಗೆ ಇಕ್ಕಳ ಅಥವಾ ಬ್ಲಾಕ್ ಮರೆತು ಪ್ರೆಸ್ ಚಾಲೂ ಮಾಡಿದರೆ ಲೋಹದ ಚೂರು ಸಿಡಿಯುತ್ತದೆ. ಬ್ಲಾಕ್‌ಗೆ ಪ್ಲಗ್ ಜೋಡಿಸಿರುವ ಪ್ರೆಸ್‌ಗಳೂ ಇವೆ. ಬ್ಲಾಕ್ ಎತ್ತಿಕೊಂಡರೆ ಪ್ಲಗ್ ಕಳಚುತ್ತದೆ, ವಾಪಸ್ ಇಡುವ ತನಕ ಮೆಷಿನ್ ಚಾಲೂ ಆಗುವುದಿಲ್ಲ. ನಿಮ್ಮಲ್ಲಿ ಅದು ಇದ್ದರೆ 16ರ ನಂತರ "ಪ್ಲಗ್ ಹಾಕಿ" ಅಂತ ಸೇರಿಸಿ. ಪ್ಲಗ್ ಇದೆ ಅಂತ ಬೀಗದ ಸಾಲು ಮಾತ್ರ ತೆಗೆಯಬೇಡಿ.

21 ಸಾಲು ಜಾಸ್ತಿ ಆಯ್ತು ಅಂತ ಮ್ಯಾನೇಜರ್ ಹೇಳಬಹುದು. ಹೆಚ್ಚಿನ ಸಾಲುಗಳು ಮೂರು ನಾಲ್ಕು ಪದ. ಕೆಲವನ್ನು ಒಟ್ಟು ಸೇರಿಸಿದರೆ ನಂಬರ್ ಕಡಿಮೆ ಆಗುತ್ತದೆ, ಕೆಲಸ ಕಡಿಮೆ ಆಗುವುದಿಲ್ಲ. ವಿಡಿಯೊ ಉದ್ದ ಅನ್ನಿಸಿದರೆ ಮೂರು ಭಾಗ ಮಾಡಿ: ನಿಲ್ಲಿಸುವುದು, ತೆಗೆಯುವುದು, ಮತ್ತೆ ಚಾಲೂ ಮಾಡುವುದು.

## ಹಂತ 7: ಪರದೆಗೆ ಹೊಂದಿಸಿ

ಸ್ಕ್ರಿಪ್ಟನ್ನು ಮೂರು ಕಾಲಂನಲ್ಲಿ ಬರೆಯಿರಿ: ಕಾಣುವುದು, ಪರದೆಯ ಅಕ್ಷರ, ಕೇಳುವ ಮಾತು. ಅಕ್ಷರ ಮತ್ತು ಮಾತು ಒಂದೇ ಇರಬೇಕು. ಪರದೆಯಲ್ಲಿ "ಮೇನ್ ಸ್ವಿಚ್ ಆಫ್ ಮಾಡಿ" ಅಂತ ಇದ್ದು ಧ್ವನಿ "ಈಗ ನಾವು ವಿದ್ಯುತ್ ನಿಲ್ಲಿಸೋಣ" ಅಂದರೆ ಗಮನ ಒಡೆಯುತ್ತದೆ.

ಮೊದಲು ಕೈ ಕೆಲಸ ಮಾಡುವುದನ್ನು ಹತ್ತಿರದಿಂದ ತೋರಿಸಿ. ನಿಮ್ಮದೇ ಪ್ರೆಸ್, ನಿಮ್ಮದೇ ಪ್ಯಾನೆಲ್ ಇರಲಿ. ಎಚ್ಚರಿಕೆ ಬರುವಾಗ ದೃಶ್ಯ ನಿಲ್ಲಲಿ, ಅಕ್ಷರ ಮಾತ್ರ ಇರಲಿ. ಓದಲು ಕಷ್ಟಪಡುವವರು ಎರಡು ಸಲ ಓದಿ ಮುಗಿಸುವಷ್ಟು ಹೊತ್ತು ಅದು ಪರದೆಯಲ್ಲಿ ಇರಲಿ. ಒಡಿಶಾ, ಬಿಹಾರದ ಕೆಲಸಗಾರರಿಗೆ ಬೇರೆ ಭಾಷೆಯ ಧ್ವನಿ ಹಾಕುವಾಗಲೂ ಸಾಲುಗಳ ನಂಬರ್ ಬದಲಾಗಬಾರದು. "ಎಂಟನೇ ಸಾಲು" ಅಂದರೆ ಎಲ್ಲರಿಗೂ ಫ್ಲೈವೀಲ್ ಸಾಲೇ ಆಗಬೇಕು.

ಹಿನ್ನೆಲೆ ಸಂಗೀತ ಬೇಡ.

## ಹಂತ 8: ಹೊಸಬನ ಕೈಯಲ್ಲಿ ಪರೀಕ್ಷೆ ಮಾಡಿ

ವಿಡಿಯೊ ತೆಗೆಯುವ ಮುಂಚೆಯೇ ಇದನ್ನು ಮಾಡಿ. ಆಮೇಲೆ ಮಾಡಿದರೆ ತಿದ್ದಲು ಯಾರಿಗೂ ಮನಸ್ಸು ಬರುವುದಿಲ್ಲ. ಮೇಂಟೆನೆನ್ಸ್‌ನವರು ಕರೆಂಟ್ ಬರುವ ಮೂಲದಲ್ಲೇ ತಮ್ಮ ಬೀಗ ಹಾಕಿ, ಫ್ಲೈವೀಲ್ ನಿಂತು, ರ‍್ಯಾಮ್ ಕೆಳಗೆ ಇಳಿಯದ ಹಾಗೆ ಭದ್ರ ಮಾಡಿಕೊಟ್ಟ ಮೇಲೆ ಹೊಸಬನನ್ನು ಪ್ರೆಸ್ ಮುಂದೆ ನಿಲ್ಲಿಸಿ. ಡೈ ಒಳಗಿನ ಸಾಲುಗಳನ್ನು ಅವನು ಹೊರಗಿನಿಂದಲೇ ಕೈ ತೋರಿಸಿ ಹೇಳಿದರೆ ಸಾಕು. ನೀವು ಒಂದೊಂದೇ ಸಾಲು ಓದಿ, ಬೇರೆ ಏನೂ ಹೇಳಬೇಡಿ.

"ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ತಲೆ ಆಡಿಸುತ್ತಾರೆ. ಅವನ ಕೈ ನೋಡಿ. ಸಾಲು ಕೇಳಿದ ಮೇಲೆ ಅವನು ನಿಮ್ಮ ಮುಖ ನೋಡಿದರೆ ಆ ಸಾಲು ಅರ್ಧ ಇದೆ. "ಯಾವ ಸ್ವಿಚ್ ಸರ್?" ಅಂದರೆ ಸ್ವಿಚ್‌ನ ಮೇಲೆ ಹೆಸರು ಬರೆಸಬೇಕು, ಸ್ಕ್ರಿಪ್ಟ್‌ನಲ್ಲೂ ಅದೇ ಹೆಸರು ಬರಬೇಕು. ಒಂದು ಸಾಲಿಗೆ ಎರಡು ಕೆಲಸ ಮಾಡಿದರೆ ಅಲ್ಲಿ ಇನ್ನೊಂದು ಸಾಲು ಬಿಟ್ಟುಹೋಗಿದೆ. ಬ್ಲಾಕ್ ಇಡುವ ಮುಂಚೆ ಕೈ ಡೈ ಕಡೆ ಹೊರಟರೆ ತಕ್ಷಣ ನಿಲ್ಲಿಸಿ, ಅದರ ಹಿಂದಿನ ಎಚ್ಚರಿಕೆಯ ಜಾಗ ಬದಲಿಸಿ.

ಆಮೇಲೆ ಇನ್ನೊಂದು ಪರೀಕ್ಷೆ. ಪಕ್ಕದ ಪ್ರೆಸ್‌ಗಳು ಓಡುತ್ತಿರುವಾಗ, ವಿಡಿಯೊ ತೋರಿಸುವ ಜಾಗದಲ್ಲೇ ನಿಂತು ಸಾಲುಗಳನ್ನು ಓದಿಸಿ. ಕಿವಿಗೆ ಇಯರ್‌ಪ್ಲಗ್ ಇರಲಿ. ಯಾವ ಸಾಲಿಗೆ "ಏನು?" ಅನ್ನುತ್ತಾರೋ ಅದನ್ನು ತಿದ್ದಿ.

## ಹಂತ 9: ತಾರೀಖು ಹಾಕಿ, ಬದಲಾದಾಗ ತಿದ್ದಿ

ವಿಡಿಯೊದ ಮೊದಲ ಪರದೆಯಲ್ಲಿ ಪ್ರೆಸ್ ನಂಬರ್ ಮತ್ತು ತಾರೀಖು ಇರಲಿ. ಪೆಡಲ್ ತೆಗೆದು ಎರಡು ಕೈ ಬಟನ್ ಹಾಕಿದರೆ 1ನೇ ಸಾಲು ಹೋಗಬೇಕು. ಪ್ಯಾನೆಲ್ ಜಾಗ ಬದಲಾದರೆ 3ನೇ ಸಾಲಿನ ದೃಶ್ಯ ಮತ್ತೆ ತೆಗೆಯಬೇಕು. ಬೇರೆ ಕ್ಲಚ್ ಇರುವ ಪ್ರೆಸ್‌ಗೆ ಇದೇ ವಿಡಿಯೊ ತೋರಿಸಬೇಡಿ, ಅದಕ್ಕೆ ಹಂತ 2ರಿಂದ ಮತ್ತೆ ಶುರು ಮಾಡಿ. 21 ಸಾಲುಗಳನ್ನು ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಮಾಡಿ ಮೇನ್ ಸ್ವಿಚ್ ಪಕ್ಕ ಅಂಟಿಸಿ. ವಿಡಿಯೊ ಬದಲಾದ ದಿನವೇ ಆ ಹಾಳೆಯೂ ಬದಲಾಗಬೇಕು.